ಫೀಸು ಎಷ್ಟು ಎಂದು ಕೇಳುವ ಮೊದಲೇ

‘ನಿಮ್ಮ ಕನಸಿಗೆ ರೆಕ್ಕೆ! 30 ದಿನಗಳಲ್ಲಿ ನಿರರ್ಗಳ ಇಂಗ್ಲಿಷ್, ಗ್ಯಾರಂಟಿ! ಅನುಕೂಲಕರ ಬ್ಯಾಚ್‌ಗಳು, ಉಚಿತ ಡೆಮೊ, ಕೈಗೆಟುಕುವ ಶುಲ್ಕ. ವಿವರಗಳಿಗೆ ಮೆಸೇಜ್ ಮಾಡಿ.’

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನೋಡುವವರಿಗೆಲ್ಲ ಈ ಧಾಟಿಯ ಬರಹ ಪರಿಚಿತ. ಚಿತ್ರದ ಕೆಳಗೆ ಬರುವ ಇಂಥ ನಾಲ್ಕು ಸಾಲಿಗೆ ಕ್ಯಾಪ್ಷನ್ ಎನ್ನುತ್ತಾರೆ. ಮೇಲಿನದರಲ್ಲಿ ಬ್ಯಾಚ್, ಡೆಮೊ, ಶುಲ್ಕ ಮೂರೂ ಇವೆ, ಆದರೆ ಯಾವುದರ ವಿವರವೂ ಇಲ್ಲ. ದುಡಿಯುವ ವಯಸ್ಕರಿಗೆ ಸ್ಪೋಕನ್ ಇಂಗ್ಲಿಷ್ ಕಲಿಸುವವರಿಗೆ ಇದು ನೇರ ನಷ್ಟ. ಮೂವತ್ತೈದು ದಾಟಿ, ಆಫೀಸಿನಲ್ಲಿ ಬಾಯಿ ಬಿಡಲು ಅಂಜುವ ಮನುಷ್ಯ ಅಪರಿಚಿತರಿಗೆ ಮೆಸೇಜ್ ಹಾಕಿ ‘ಫೀಸು ಎಷ್ಟು ಸಾರ್’ ಎಂದು ಕೇಳಲು ಹಿಂಜರಿಯುತ್ತಾನೆ. ಕೇಳಿದರೆ ದಿನಕ್ಕೆ ನಾಲ್ಕು ಸಲ ಫೋನ್ ಬರುತ್ತದೆ ಎಂಬ ಭಯ ಬೇರೆ.

ಮೊದಲ ಸಾಲಿನಿಂದಲೇ ನೋಡೋಣ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ 2,200 ಅಕ್ಷರಗಳವರೆಗೆ ಇರಬಹುದು. ಆದರೆ ಪೂರ್ತಿ ಓದಲು ಒತ್ತಬೇಕು. ಒತ್ತದವರಿಗೆ ಕಾಣುವುದು ಆರಂಭದ ಒಂದೆರಡು ಸಾಲು ಮಾತ್ರ. ಆ ಜಾಗವನ್ನು ‘ಕನಸಿಗೆ ರೆಕ್ಕೆ’ ನುಂಗಿಬಿಟ್ಟರೆ ಸಮಯ, ಶುಲ್ಕ ಮರೆಯಲ್ಲೇ ಉಳಿಯುತ್ತವೆ. ಯಾರಿಗೆ, ಎಷ್ಟು ಗಂಟೆಗೆ, ಎಷ್ಟು ಹಣ ಎಂಬುದು ಮೊದಲ ಸಾಲಿಗೇ ಬರಬೇಕು. ಇಂಗ್ಲಿಷ್ ಬಾರದವರನ್ನು ಕರೆಯುವ ಕ್ಯಾಪ್ಷನ್ ಪೂರ್ತಿ ಇಂಗ್ಲಿಷಿನಲ್ಲಿರುವುದನ್ನೂ ಕಂಡಿದ್ದೇನೆ. ಈಜು ಬಾರದವರಿಗೆ ನದಿಯ ಆಚೆ ದಡದಿಂದ ‘ಬನ್ನಿ, ಕಲಿಸುತ್ತೇನೆ’ ಎಂದು ಕೂಗಿದ ಹಾಗೆ.

‘ಅನುಕೂಲಕರ ಬ್ಯಾಚ್’ ಎಂದರೆ ಯಾರಿಗೆ ಅನುಕೂಲ? ಪೀಣ್ಯದಂಥ ಕೈಗಾರಿಕಾ ಪ್ರದೇಶದ ಕಾರ್ಮಿಕರೊಬ್ಬರನ್ನು ಊಹಿಸಿಕೊಳ್ಳಿ. ಒಂದು ವಾರ ಬೆಳಿಗ್ಗೆ 6ರಿಂದ ಮಧ್ಯಾಹ್ನ 2, ಇನ್ನೊಂದು ವಾರ 2ರಿಂದ ರಾತ್ರಿ 10, ಮತ್ತೊಂದು ವಾರ ರಾತ್ರಿಪಾಳಿ. ರಾತ್ರಿ 9ರ ಬ್ಯಾಚ್ ಒಂದೇ ಇದ್ದರೆ ಎರಡನೇ ಪಾಳಿಯ ವಾರ ಅವರಿಗೆ ತರಗತಿಯೇ ಇಲ್ಲ. ಬೆಳಿಗ್ಗೆ 7 ಮತ್ತು ರಾತ್ರಿ 9, ಎರಡೂ ಇದ್ದು, ಎರಡರಲ್ಲೂ ಆ ದಿನ ಒಂದೇ ಪಾಠ ನಡೆದರೆ, ಪಾಳಿ ಬದಲಾದ ವಾರ ಈ ಬ್ಯಾಚಿನಿಂದ ಆ ಬ್ಯಾಚಿಗೆ ಹಾರಬಹುದು. ರಾತ್ರಿಪಾಳಿಯ ವಾರಕ್ಕೆ ಮಾತ್ರ ಇದೂ ಪರಿಹಾರವಲ್ಲ: 9ಕ್ಕೆ ಕಂಪನಿ ಬಸ್ಸಿನಲ್ಲಿರುತ್ತಾರೆ, 7ಕ್ಕೆ ನಿದ್ದೆಗಣ್ಣು. ಅದನ್ನೂ ಮುಚ್ಚಿಡದೆ ಬರೆದರೆ ಆಮೇಲೆ ಜಗಳವಿರುವುದಿಲ್ಲ. ದುಬೈನಲ್ಲಿರುವ ಕನ್ನಡಿಗರೂ ಸೇರುವುದಾದರೆ ಅವರ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಇದೆ; ನಮ್ಮ 9 ಗಂಟೆ ಅವರಿಗೆ ಸಂಜೆ ಏಳೂವರೆ. ‘ಭಾರತದ ಸಮಯ’ ಎಂದು ಎರಡು ಪದ ಸೇರಿಸಿದರೆ ಮುಗಿಯಿತು.

ಇನ್ನು ಶುಲ್ಕ. ಎಲ್ಲರೂ ತಪ್ಪು ಲೆಕ್ಕ ಹಾಕುವುದು ಇಲ್ಲೇ. ಎರಡು ತರಗತಿಗಳಿವೆ ಎಂದುಕೊಳ್ಳೋಣ. ಎರಡೂ ಎಂಟು ವಾರ, ವಾರಕ್ಕೆ ಐದು ದಿನ, ಒಟ್ಟು 40 ತರಗತಿ, ದಿನಕ್ಕೆ 45 ನಿಮಿಷ. ಮೊದಲನೆಯದರ ಶುಲ್ಕ 2,000 ರೂಪಾಯಿ, ಎರಡನೆಯದರದು 4,000. ಅಗ್ಗದ್ದು ಯಾವುದು ಎಂದರೆ ಮಕ್ಕಳೂ ಹೇಳುತ್ತಾರೆ. ಆದರೆ ಮೊದಲ ಬ್ಯಾಚಿನಲ್ಲಿ 30 ಜನ, ಎರಡನೆಯದರಲ್ಲಿ 6 ಜನ. ಮೇಷ್ಟ್ರು ಮಾತಾಡುವ 15 ನಿಮಿಷ ತೆಗೆದರೆ ಉಳಿಯುವುದು 30 ನಿಮಿಷ. ಅದನ್ನು ಹಂಚಿದರೆ ಮೊದಲ ಬ್ಯಾಚಿನವರಿಗೆ ದಿನಕ್ಕೆ ಒಂದು ನಿಮಿಷ, ಎರಡನೆಯವರಿಗೆ ಐದು ನಿಮಿಷ ಮಾತಾಡಲು ಸಿಗುತ್ತದೆ. ಅಂದರೆ ಅಗ್ಗದ ತರಗತಿಯಲ್ಲಿ ಬಾಯಿ ತೆರೆದ ಒಂದು ನಿಮಿಷಕ್ಕೆ 50 ರೂಪಾಯಿ, ದುಬಾರಿಯದರಲ್ಲಿ 20 ರೂಪಾಯಿ. ಮಾತು ಕಲಿಯಲು ಬಂದವರು ಕೊಳ್ಳುತ್ತಿರುವುದು ಈ ನಿಮಿಷಗಳನ್ನೇ. ಮೇಷ್ಟ್ರ ಕಡೆಯಿಂದಲೂ ನೋಡಿ: ಅದೇ 30 ಗಂಟೆ ಪಾಠಕ್ಕೆ ದೊಡ್ಡ ಬ್ಯಾಚಿನಿಂದ 60,000, ಚಿಕ್ಕದರಿಂದ 24,000. ಜನಸಂಖ್ಯೆಯ ಮಾತೇ ಎತ್ತದ ಕ್ಯಾಪ್ಷನ್‌ಗಳು ಇಷ್ಟೊಂದು ಯಾಕೆ ಇವೆ ಎಂಬುದು ಈ ಲೆಕ್ಕದಲ್ಲೇ ಇದೆ. ಕ್ಯಾಪ್ಷನ್ ಬರೆಯುವವರು ಚಿಕ್ಕ ಬ್ಯಾಚ್ ನಡೆಸುತ್ತಿದ್ದರೆ, ಶುಲ್ಕದ ಪಕ್ಕದಲ್ಲೇ ‘ಬ್ಯಾಚಿಗೆ 6 ಜನ’ ಎಂದು ಬರೆಯುವುದು ಅವರ ದೊಡ್ಡ ಬಲ.

ಬರೆದ ಶುಲ್ಕ ಪೂರ್ತಿ ಶುಲ್ಕವಾಗಿರಬೇಕು. ಪುಸ್ತಕದ ಹಣ, ನೋಂದಣಿ ಹಣ, ಜಿಎಸ್‌ಟಿ ಎಂದು ಕೊನೆಗಳಿಗೆಯಲ್ಲಿ ಒಂದೊಂದಾಗಿ ಸೇರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2023ರ ನಿಯಮಗಳು ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿವೆ. ಸೀಟು ಖಾಲಿ ಇದ್ದರೂ ‘ಎರಡೇ ಸೀಟು ಬಾಕಿ’ ಎಂದು ಅವಸರಪಡಿಸುವುದೂ ಅದೇ ಪಟ್ಟಿಯಲ್ಲಿದೆ. ‘30 ದಿನಗಳಲ್ಲಿ ಗ್ಯಾರಂಟಿ’ಯ ಕಥೆಯೂ ಹೀಗೆಯೇ. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೋಚಿಂಗ್ ಕೇಂದ್ರಗಳ ಜಾಹೀರಾತಿಗೆ 2024ರಲ್ಲಿ ಪ್ರತ್ಯೇಕ ಮಾರ್ಗಸೂಚಿಯೇ ಬಂತು. ಆರು ಜನಕ್ಕೆ ಪಾಠ ಹೇಳುವವರು ಅದರ ಹೊರಗಿದ್ದರೂ ದಾರಿ ತಪ್ಪಿಸುವ ಜಾಹೀರಾತಿನ ಸಾಮಾನ್ಯ ಕಾನೂನು ಅವರನ್ನೂ ಬಿಡುವುದಿಲ್ಲ. ಕಾನೂನಿನ ಮಾತು ಒತ್ತಟ್ಟಿಗಿರಲಿ, 30 ದಿನ ದಿನಕ್ಕೊಂದು ನಿಮಿಷ ಮಾತಾಡಿದರೆ ಒಟ್ಟು ಅರ್ಧ ಗಂಟೆ. ಅಷ್ಟರಲ್ಲಿ ನಿರರ್ಗಳ ಎಲ್ಲಿಂದ ಬಂತು?

ಉಚಿತ ಡೆಮೊ ಎನ್ನುವುದರಲ್ಲೂ ಎರಡು ಜಾತಿ. ಒಂದು, ನೂರಾರು ಜನರನ್ನು ಕೂರಿಸಿ, ಎಲ್ಲರ ಮೈಕ್ ಬಂದ್ ಮಾಡಿ, ಕೊನೆಯ ಅರ್ಧ ಗಂಟೆ ‘ಇವತ್ತೇ ಸೇರಿದರೆ ರಿಯಾಯಿತಿ’ ಎನ್ನುವ ಮಾರಾಟ ಸಭೆ. ಇನ್ನೊಂದು ನಿಜವಾದ ಪ್ರಾಯೋಗಿಕ ತರಗತಿ: ಮುಂದೆ ಪಾಠ ಮಾಡುವ ಅದೇ ಮೇಷ್ಟ್ರು, ಅಷ್ಟೇ ಜನ, ಅದೇ ಹೊತ್ತು. ನಿಮ್ಮ ಬಾಯಿಂದ ಎರಡು ವಾಕ್ಯವಾದರೂ ಹೊರಟಿತೇ, ತಪ್ಪಾದಾಗ ಮೇಷ್ಟ್ರು ಮಧ್ಯದಲ್ಲೇ ತಡೆದರೇ, ಮುಗಿಸಲು ಬಿಟ್ಟು ಆಮೇಲೆ ತಿದ್ದಿದರೇ ಎಂಬುದನ್ನು ಗಮನಿಸಿದರೆ ಸಾಕು, ಯಾವ ಜಾತಿ ಎಂದು ಗೊತ್ತಾಗುತ್ತದೆ. ‘ಒಂದು ರೂಪಾಯಿ ಟ್ರಯಲ್’ ಎಂದು ಯುಪಿಐ ಪಿನ್ ಒತ್ತಿಸುವವರ ಹತ್ತಿರ ಒಂದು ಕಣ್ಣಿಡಿ. ಆ ಪರದೆಯಲ್ಲಿ ಆಟೊಪೇ ಎಂದಿದ್ದರೆ ನೀವು ಕೊಡುತ್ತಿರುವುದು ಒಂದು ರೂಪಾಯಿಯಲ್ಲ, ಮುಂದಿನ ಕಂತುಗಳನ್ನು ತಾನಾಗಿ ಕಡಿದುಕೊಳ್ಳಲು ಅನುಮತಿ. ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ಅದನ್ನು ರದ್ದು ಮಾಡಬಹುದು.

ಇಷ್ಟನ್ನೂ ಇಟ್ಟುಕೊಂಡು ಚಿಕ್ಕ ಬ್ಯಾಚಿನ ಮೇಷ್ಟ್ರಿಗೆ ಕ್ಯಾಪ್ಷನ್ ಬರೆದರೆ ಹೀಗಿರಬಹುದು:

‘ಕೆಲಸಕ್ಕೆ ಹೋಗುವವರಿಗೆ ಆನ್‌ಲೈನ್ ಸ್ಪೋಕನ್ ಇಂಗ್ಲಿಷ್. ಬೆಳಿಗ್ಗೆ 7 ಅಥವಾ ರಾತ್ರಿ 9. ಎಂಟು ವಾರಕ್ಕೆ ₹4,000.

ಇಂಗ್ಲಿಷ್ ಓದಿದರೆ ಅರ್ಥವಾಗುತ್ತೆ, ಮಾತಾಡಲು ಮಾತ್ರ ಬಾಯಿ ಬರಲ್ಲ ಅನ್ನುವವರಿಗಾಗಿ. ವಿವರಣೆ ಕನ್ನಡದಲ್ಲಿ.

ಸೋಮವಾರದಿಂದ ಶುಕ್ರವಾರ, ದಿನಕ್ಕೆ 45 ನಿಮಿಷ, ಭಾರತದ ಸಮಯ. ಬ್ಯಾಚಿಗೆ 6 ಜನ. ಪಾಳಿ ಬದಲಾದರೆ ಆ ವಾರ ಇನ್ನೊಂದು ಬ್ಯಾಚಿಗೆ ಬನ್ನಿ. ರಾತ್ರಿಪಾಳಿಯವರಿಗೆ ಈ ಸಮಯ ಕಷ್ಟ.

ಪ್ರಾಯೋಗಿಕ ತರಗತಿ: ಮೇ 30, ಶನಿವಾರ ರಾತ್ರಿ 9. ಉಚಿತ. ಎಲ್ಲರೂ ಮಾತಾಡುತ್ತೀರಿ, ಕ್ಯಾಮೆರಾ ಕಡ್ಡಾಯವಲ್ಲ. ತರಗತಿ ಜೂನ್ 1ರಿಂದ.

ಶುಲ್ಕ ಎರಡು ಕಂತಿನಲ್ಲಿ ಕೊಡಬಹುದು, ಬೇರೆ ಖರ್ಚಿಲ್ಲ. ಮೊದಲ ವಾರದೊಳಗೆ ಬಿಟ್ಟರೆ ಉಳಿದ ಏಳು ವಾರದ ಹಣ ವಾಪಸ್.

ಬರುವುದಾದರೆ “7” ಅಥವಾ “9” ಎಂದಷ್ಟೇ ವಾಟ್ಸ್‌ಆ್ಯಪ್ ಮಾಡಿ.’

ಕೊನೆಯ ಸಾಲು ಅಂಜುವವರಿಗಾಗಿ. ಒಂದು ಅಂಕಿ ಒತ್ತಲು ಯಾರಿಗೂ ಸಂಕೋಚವಿಲ್ಲ. ಕ್ಯಾಮೆರಾದ ಮಾತೂ ಅಂಥದ್ದೇ: ಒಂದೇ ಕೋಣೆಯ ಮನೆಯಲ್ಲಿ ಮಕ್ಕಳ ಪಕ್ಕ ಕೂತು ಕಲಿಯುವವರು ಅದನ್ನು ಓದಿಯೇ ಸೇರುವ ತೀರ್ಮಾನ ಮಾಡುತ್ತಾರೆ. ತಾರೀಕು ಹಾಕಿದ್ದಕ್ಕೂ ಕಾರಣವಿದೆ. ‘ಈ ಶನಿವಾರ’ ಎಂದು ಬರೆದ ಪೋಸ್ಟನ್ನು ಯಾರೋ ಮೂರು ವಾರದ ಮೇಲೆ ಇನ್ಯಾವುದೋ ಗ್ರೂಪಿಗೆ ಕಳಿಸುತ್ತಾರೆ, ಜನ ರಾತ್ರಿ 9ಕ್ಕೆ ಇಲ್ಲದ ತರಗತಿಯ ಲಿಂಕ್ ಹುಡುಕುತ್ತಾರೆ. ಬ್ಯಾಚ್ ತುಂಬಿದ ದಿನವೇ ಕ್ಯಾಪ್ಷನ್ ತಿದ್ದಿ, ಮುಂದಿನ ಬ್ಯಾಚಿನ ತಾರೀಕು ಹಾಕಬೇಕು. ಇನ್‌ಸ್ಟಾಗ್ರಾಂನಲ್ಲೂ ಫೇಸ್‌ಬುಕ್‌ನಲ್ಲೂ ಪೋಸ್ಟ್ ಅಳಿಸದೆಯೇ ಇದನ್ನು ಮಾಡಬಹುದು. ಚಿತ್ರದ ಮೇಲೆಯೇ ಅಚ್ಚಾದ ತಾರೀಕನ್ನು ಮಾತ್ರ ಹಾಗೆ ತಿದ್ದಲಾಗದು, ಆದ್ದರಿಂದ ಅದನ್ನು ಚಿತ್ರದಲ್ಲಿ ಹಾಕದಿರುವುದೇ ಲೇಸು.