ಬಿಲ್ ಆಗಿದೆ, ಮಾಲು ಗೋದಾಮಿನಲ್ಲೇ ಇದೆ: ಮಾರಾಟ ಆದದ್ದು ಯಾವಾಗ?

ಬೆಂಗಳೂರಿನ ಪೀಣ್ಯದಲ್ಲಿ ನೀರೆತ್ತುವ ದೊಡ್ಡ ಪಂಪುಗಳನ್ನು ತಯಾರಿಸುವ ಒಂದು ಕಂಪನಿ ಇದೆ ಎಂದುಕೊಳ್ಳೋಣ. ಏತ ನೀರಾವರಿ ಕಾಮಗಾರಿ ಹಿಡಿದಿರುವ ಗುತ್ತಿಗೆದಾರರೊಬ್ಬರು ಒಂದಕ್ಕೆ 2.5 ಲಕ್ಷ ರೂಪಾಯಿಯಂತೆ 40 ಪಂಪುಗಳಿಗೆ ಆರ್ಡರ್ ಕೊಟ್ಟಿದ್ದಾರೆ. ಆದರೆ ಅವರ ಪಂಪ್‌ಹೌಸ್ ಕಟ್ಟಡ ಇನ್ನೂ ಮುಗಿದಿಲ್ಲ. ಬಯಲಲ್ಲಿ ಇಳಿಸಿಕೊಂಡರೆ ಮಳೆ, ಧೂಳು, ಕಳ್ಳತನದ ಭಯ. ಹಾಗಾಗಿ ಅವರು ಪತ್ರ ಬರೆಯುತ್ತಾರೆ: ‘ಬಿಲ್ ಮಾಡಿ, ಹಣ ವಾಯಿದೆ ಪ್ರಕಾರ ಕೊಡುತ್ತೇವೆ. ಮಾಲು ಮಾತ್ರ ಜುಲೈ ಕೊನೆಯವರೆಗೆ ನಿಮ್ಮ ಗೋದಾಮಿನಲ್ಲೇ ಇರಲಿ.’ ಕಂಪನಿ ಮಾರ್ಚ್ 28ರಂದು ಜಿಎಸ್‌ಟಿ ಬಿಟ್ಟು ಒಂದು ಕೋಟಿ ರೂಪಾಯಿಯ ಬಿಲ್ ಹಾಕುತ್ತದೆ. ಮೂರು ದಿನಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಆ ಒಂದು ಕೋಟಿಯನ್ನು ಈ ವರ್ಷದ ವರಮಾನದಲ್ಲಿ ತೋರಿಸಬಹುದೆ?

ಲೆಕ್ಕದ ಜಗತ್ತಿನಲ್ಲಿ ಇಂಥ ವ್ಯವಹಾರಕ್ಕೆ ‘ಬಿಲ್ ಅಂಡ್ ಹೋಲ್ಡ್’ ಎನ್ನುತ್ತಾರೆ. ಇದರಲ್ಲಿ ಕಾನೂನುಬಾಹಿರವಾದದ್ದು ಏನೂ ಇಲ್ಲ. ಮಾಲು ಗೇಟು ದಾಟಿದರೆ ಮಾತ್ರ ಮಾರಾಟ ಎಂಬ ನಿಯಮವೂ ಇಲ್ಲ. ಹಾಗೆಂದು ಬಿಲ್ಲಿನ ಮೇಲಿನ ತಾರೀಖನ್ನು ನೋಡಿ ವರಮಾನ ಬರೆಯುವಂತೆಯೂ ಇಲ್ಲ. ನೋಡಬೇಕಾದದ್ದು ಒಂದೇ: ಮಾರ್ಚ್ 31ರ ರಾತ್ರಿ ಆ ಪಂಪುಗಳ ಮೇಲೆ ಹಿಡಿತ ಯಾರದು?

ನಮ್ಮಲ್ಲಿ 2018ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಅನ್ವಯಿಸುತ್ತಿರುವ ಇಂಡ್ ಎಎಸ್ 115 ಎಂಬ ಲೆಕ್ಕ ಮಾನದಂಡ ಇದಕ್ಕೆ ನಾಲ್ಕು ಷರತ್ತು ಹಾಕುತ್ತದೆ. ಮಾಲು ಉಳಿಸಿಕೊಂಡದ್ದಕ್ಕೆ ನಿಜವಾದ ಕಾರಣ ಇರಬೇಕು. ಗ್ರಾಹಕರೇ ಕೇಳಿಕೊಂಡಿರುವುದು ಅಂಥದೊಂದು ಕಾರಣ. ಆ ಮಾಲು ಆ ಗ್ರಾಹಕರದ್ದೆಂದು ಬೇರೆಯಾಗಿ ಗುರುತಿಸುವಂತಿರಬೇಕು. ಕೇಳಿದ ತಕ್ಷಣ ಲಾರಿಗೆ ಏರಿಸುವಷ್ಟು ಸಿದ್ಧವಾಗಿರಬೇಕು. ಕೊನೆಯದಾಗಿ, ಮಾರಿದವರು ಅದನ್ನು ತಾವು ಬಳಸುವಂತಿಲ್ಲ, ಇನ್ನೊಬ್ಬರಿಗೆ ಕಳಿಸುವಂತೆಯೂ ಇರಬಾರದು. ನಾಲ್ಕೂ ಕೂಡಿಬರಬೇಕು. ಗ್ರಾಹಕರ ಪತ್ರ ಫೈಲಿನಲ್ಲಿದ್ದರೆ ಕೆಲಸ ಮುಗಿಯಿತು ಎಂದು ಅನೇಕರು ತಿಳಿದಿರುತ್ತಾರೆ. ಆ ಪತ್ರ ಸಾಬೀತು ಮಾಡುವುದು ಮೊದಲನೆಯ ಷರತ್ತನ್ನು ಮಾತ್ರ. ಉಳಿದ ಮೂರಕ್ಕೆ ಗೋದಾಮಿಗೇ ಹೋಗಿ ನೋಡಬೇಕು.

ನಮ್ಮ ಆಡಿಟರ್ ಮಾರ್ಚ್ 31ರಂದು ಹಾಗೆಯೇ ಗೋದಾಮಿಗೆ ಹೋಗುತ್ತಾರೆ. ಅಲ್ಲಿ 26 ಪಂಪುಗಳು ಪರೀಕ್ಷೆ ಮುಗಿಸಿ, ಸೀರಿಯಲ್ ನಂಬರಿನ ತಗಡು ಹೊತ್ತು, ಗುತ್ತಿಗೆದಾರರ ಹೆಸರಿನ ಚೀಟಿ ಅಂಟಿಸಿಕೊಂಡು ಬೇರೆ ಸಾಲಿನಲ್ಲಿ ನಿಂತಿವೆ. 8 ಪಂಪುಗಳಿಗೆ ಮೋಟಾರು ಇನ್ನೂ ಜೋಡಿಸಿಲ್ಲ. ಉಳಿದ 6 ಫೌಂಡ್ರಿಯಿಂದ ಬಂದೇ ಇಲ್ಲ. ಬಿಲ್ಲು ನಲವತ್ತಕ್ಕೆ ಆಗಿದ್ದರೂ ವರಮಾನಕ್ಕೆ ಅರ್ಹವಾದದ್ದು ಹೆಚ್ಚೆಂದರೆ 26, ಅಂದರೆ 65 ಲಕ್ಷ. ಇಂಡ್ ಎಎಸ್ ವ್ಯಾಪ್ತಿಗೆ ಬಾರದ ಸಣ್ಣ ಕಂಪನಿಗಳು ಪಾಲಿಸುವ ಹಳೆಯ ಎಎಸ್ 9 ಕೂಡ ಈ ವಿಷಯದಲ್ಲಿ ಸಡಿಲ ಬಿಡುವುದಿಲ್ಲ: ಮಾಲು ಕೈಯಲ್ಲಿರಬೇಕು, ಗುರುತಾಗಿರಬೇಕು, ಸಿದ್ಧವಾಗಿರಬೇಕು, ವಾಯಿದೆಯೊಳಗೆ ತಯಾರಿಸಿ ಕೊಡುತ್ತೇವೆಂಬ ಉದ್ದೇಶ ಸಾಲದು.

ಆಡಿಟರ್ ಇಷ್ಟಕ್ಕೇ ನಿಲ್ಲುವುದಿಲ್ಲ. ಕರಾರು ಪತ್ರ ತೆಗೆದು ನೋಡುತ್ತಾರೆ. ‘ಅಗತ್ಯಬಿದ್ದರೆ ಈ ಪಂಪುಗಳನ್ನು ಬೇರೆಡೆ ಕಳಿಸಿ, ಬದಲಿಗೆ ಅಂಥವೇ ಬೇರೆ ಪಂಪು ಕೊಡುವ ಹಕ್ಕು ಕಂಪನಿಗಿದೆ’ ಎಂಬ ಒಂದು ಸಾಲು ಅಲ್ಲಿದ್ದರೆ, 26ರ ಲೆಕ್ಕವೂ ಬಿದ್ದುಹೋಗುತ್ತದೆ. ಚೀಟಿ ಅಂಟಿಸಿದ್ದರೂ ಹಿಡಿತ ಮಾರಿದವರದ್ದೇ ಆಗಿ ಉಳಿಯುತ್ತದೆ. ಈ ನಾಲ್ಕನೆಯ ಷರತ್ತಿಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಏಕೆಂದರೆ ಕಾಗದದಲ್ಲಿ ಅಂಥ ಸಾಲು ಇಲ್ಲದಿದ್ದರೂ ಏಪ್ರಿಲ್‌ನಲ್ಲಿ ಇನ್ನೊಬ್ಬ ಗ್ರಾಹಕರು ಅವಸರ ಮಾಡಿದಾಗ ಆ ಸಾಲಿನಿಂದಲೇ ಐದು ಪಂಪು ಲಾರಿ ಹತ್ತಿದರೆ, ನಿಜ ಸಂಗತಿ ಏನೆಂದು ಗೇಟ್‌ಪಾಸ್ ಹೇಳಿಬಿಡುತ್ತದೆ. ಸೀರಿಯಲ್ ನಂಬರುಗಳನ್ನು ಮುಂದಿನ ತಿಂಗಳುಗಳ ರವಾನೆ ದಾಖಲೆಯ ಜೊತೆ ತಾಳೆ ನೋಡುವುದು ಇದೇ ಕಾರಣಕ್ಕೆ.

1930ರ ಸರಕುಗಳ ಮಾರಾಟ ಕಾಯಿದೆಯ ತರ್ಕವೂ ಇದಕ್ಕೆ ಹತ್ತಿರದಲ್ಲಿದೆ. ಇಂಥದೇ ಮಾಲು ಎಂದು ನಿಶ್ಚಿತವಾಗದ ಹೊರತು ಒಡೆತನ ಕೊಂಡವರಿಗೆ ಹೋಗದು ಎನ್ನುತ್ತದೆ ಅದರ 18ನೇ ಕಲಂ. ಬೇರೆ ಕರಾರಿಲ್ಲದಿದ್ದರೆ ಒಡೆತನದ ಹಿಂದೆಯೇ ನಷ್ಟದ ಹೊಣೆಯೂ ಹೋಗುತ್ತದೆ. ಆದ್ದರಿಂದ ಗೋದಾಮಿಗೆ ಬೆಂಕಿ ಬಿದ್ದರೆ ನಷ್ಟ ಯಾರದ್ದು, ವಿಮೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಬಹಳ ಉಪಯುಕ್ತ. ಹಾಗೆಯೇ, ಹಣ ಕೊಡುವ ವಾಯಿದೆ ಬಿಲ್ ತಾರೀಖಿನಿಂದ ಶುರುವಾಗುತ್ತದೆಯೋ, ಮಾಲು ತಲುಪಿದ ಮೇಲೋ ಎಂಬುದನ್ನೂ ನೋಡಬೇಕು. ಜುಲೈನಲ್ಲಿ ಮಾಲು ಇಳಿದ ಮೇಲೆಯೇ ವಾಯಿದೆ ಎಣಿಸುವುದಾದರೆ, ಮಾರ್ಚ್‌ನ ಬಿಲ್ಲನ್ನು ಅನುಮಾನದಿಂದಲೇ ಓದಬೇಕು.

ಎಲ್ಲ ಸರಿಯಾಗಿದೆ ಎಂದುಕೊಳ್ಳೋಣ. ಆಗಲೂ 65 ಲಕ್ಷ ಪೂರ್ತಿ ಈ ವರ್ಷಕ್ಕೆ ಬರುವುದಿಲ್ಲ. ಕಂಪನಿ ಈಗ ಪಂಪು ಮಾರಿದ್ದರ ಜೊತೆಗೆ ನಾಲ್ಕು ತಿಂಗಳು ಅವುಗಳನ್ನು ಕಾಯುವ ಕೆಲಸವನ್ನೂ ಒಪ್ಪಿಕೊಂಡಿದೆ. ಬಿಲ್ಲಿನಲ್ಲಿ ಅದಕ್ಕೆ ಬೇರೆ ಬೆಲೆ ಇಲ್ಲ, ನಿಜ. ಆದರೆ ಅಷ್ಟು ಜಾಗವನ್ನು ಹೊರಗಿನವರಿಗೆ ಕೊಟ್ಟಿದ್ದರೆ ಒಂದು ಲಕ್ಷ ಬಾಡಿಗೆ ಬರುತ್ತಿತ್ತು ಎಂದಾದರೆ, 65 ಲಕ್ಷವನ್ನು 65ಕ್ಕೆ 1ರ ಪ್ರಮಾಣದಲ್ಲಿ ಹಂಚಬೇಕಾಗುತ್ತದೆ. ಪಂಪುಗಳಿಗೆ ಸುಮಾರು 64.02 ಲಕ್ಷ ಮಾರ್ಚ್‌ನಲ್ಲಿ. ಉಳಿದ ಸುಮಾರು 98 ಸಾವಿರ ಏಪ್ರಿಲ್‌ನಿಂದ ಜುಲೈವರೆಗೆ ತಿಂಗಳು ತಿಂಗಳಾಗಿ. ಮೊತ್ತ ತೀರಾ ಚಿಕ್ಕದಾದರೆ ಇದನ್ನು ಬಿಡುವುದೂ ಉಂಟು. ಮಾಲು ವರ್ಷಗಟ್ಟಲೆ ಕೂತರೆ ಬಿಡುವಂತಿಲ್ಲ. ವರಮಾನ ಬರೆದ 26 ಪಂಪುಗಳು ಕಂಪನಿಯ ದಾಸ್ತಾನು ಪಟ್ಟಿಯಿಂದ ಹೊರಬೀಳಬೇಕು ಎಂಬುದನ್ನೂ ಮರೆಯಬಾರದು. ಕಣ್ಣೆದುರು ಇವೆಯೆಂದು ಎಣಿಸಿಬಿಟ್ಟರೆ ಒಂದೇ ಪಂಪು ಮಾರಾಟದಲ್ಲೂ ದಾಸ್ತಾನಿನಲ್ಲೂ ಬಂದು ಲಾಭ ಉಬ್ಬುತ್ತದೆ. ಇನ್ನು, ಈ ಬಿಲ್ಲಿಗೆ ಜಿಎಸ್‌ಟಿ ಕಟ್ಟಿದ್ದೇವೆ ಎಂಬುದು ವರಮಾನ ಬರೆಯಲು ಆಧಾರವಾಗದು. ತೆರಿಗೆಯ ದಾರಿ ಬೇರೆ, ಲೆಕ್ಕದ ದಾರಿ ಬೇರೆ.

ಇಷ್ಟೆಲ್ಲ ಬಿಗಿ ಯಾಕೆ ಎಂಬುದಕ್ಕೆ ಅಮೆರಿಕದ ಸನ್‌ಬೀಮ್ ಕಂಪನಿಯ ಕಥೆ ಸಾಕು. ಗೃಹೋಪಯೋಗಿ ಸಾಮಾನು ಮಾಡುವ ಈ ಕಂಪನಿಗೆ 1996ರಲ್ಲಿ ಆಲ್ಬರ್ಟ್ ಡನ್‌ಲ್ಯಾಪ್ ಮುಖ್ಯಸ್ಥರಾಗಿ ಬಂದರು. ಅಂಗಳದಲ್ಲಿ ಮಾಂಸ ಸುಡುವ ಗ್ರಿಲ್‌ಗಳು ಅದರ ಮುಖ್ಯ ಮಾಲು. ಅವು ಬಿಕರಿಯಾಗುವುದು ಬೇಸಿಗೆಯ ಕಾಲಕ್ಕೆ. 1997ರ ಕೊನೆಯಲ್ಲಿ, ಚಳಿಗಾಲದ ಹೊಸ್ತಿಲಲ್ಲಿ, ಅಂಗಡಿ ಸರಪಳಿಗಳಿಗೆ ಕಂಪನಿ ಮುಂದಿನ ಬೇಸಿಗೆಯ ಮಾಲಿನ ಬಿಲ್ ಹಾಕಿ, ಮಾಲನ್ನು ತಾನೇ ಇಟ್ಟುಕೊಂಡು, ವರಮಾನ ಬರೆದುಕೊಂಡಿತು. ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 2001ರಲ್ಲಿ ಹೂಡಿದ ದೂರಿನ ಪ್ರಕಾರ, ಈ ಏರ್ಪಾಟನ್ನು ಕೇಳಿದವರು ಗ್ರಾಹಕರಲ್ಲ. ಕಂಪನಿಯೇ ರಿಯಾಯಿತಿ ತೋರಿಸಿ ಒಪ್ಪಿಸಿತ್ತು. ಗೋದಾಮಿನ ಖರ್ಚೂ ಕಂಪನಿಯದ್ದೇ. ಅದೇ ವರ್ಷದ ವಾರ್ಷಿಕ ವರದಿಯಲ್ಲಿ ಇಂಥ ಮಾರಾಟ ಒಟ್ಟು ವರಮಾನದ ಸುಮಾರು ಶೇ. 3ರಷ್ಟು ಎಂದು ಕಂಪನಿಯೇ ಬರೆದಿತ್ತು. ಆ ಶೇ. 3 ಮುಂದಿನ ವರ್ಷದಿಂದ ಕಿತ್ತುತಂದದ್ದಾದ್ದರಿಂದ ಮುಂದಿನ ವರ್ಷ ಅಷ್ಟು ಮಾರಾಟ ಮೊದಲೇ ಖಾಲಿಯಾಗಿತ್ತು. 1998ರ ಜೂನ್‌ನಲ್ಲಿ ಡನ್‌ಲ್ಯಾಪ್ ಕೆಲಸ ಕಳೆದುಕೊಂಡರು. ಆಮೇಲೆ ತಿದ್ದಿ ಬರೆದ ಲೆಕ್ಕದಲ್ಲಿ 1997ರ ಲಾಭ ಬಹಳಷ್ಟು ಕರಗಿತು. ಬಿಲ್ ಅಂಡ್ ಹೋಲ್ಡ್ ಅಲ್ಲಿನ ಹಲವು ತಂತ್ರಗಳಲ್ಲಿ ಒಂದು ಮಾತ್ರ, ಆದರೆ ಹೊರಗಿನವರು ಓದಬಹುದಾದ ಒಂದು ಸುಳಿವು ಅದಾಗಿತ್ತು.

ಷೇರು ಕೊಂಡ ಸಾಮಾನ್ಯ ಓದುಗರಿಗೆ ಗೋದಾಮಿನ ಬಾಗಿಲು ತೆರೆಯುವುದಿಲ್ಲ. ಆದರೆ ವಾರ್ಷಿಕ ವರದಿ ಕೈಗೆ ಸಿಗುತ್ತದೆ. ಅದರಲ್ಲಿ ವರಮಾನದ ಟಿಪ್ಪಣಿಯಲ್ಲಿ ಬಿಲ್ ಅಂಡ್ ಹೋಲ್ಡ್ ಪ್ರಸ್ತಾಪ ಇದೆಯೇ ನೋಡಿ. ಮಾರಾಟಕ್ಕಿಂತ ಗ್ರಾಹಕರಿಂದ ಬರಬೇಕಾದ ಬಾಕಿ ವೇಗವಾಗಿ ಬೆಳೆದಿದೆಯೇ, ಲಾಭ ಏರಿದರೂ ವ್ಯಾಪಾರದಿಂದ ಕೈಗೆ ಬಂದ ನಗದು ಕುಗ್ಗಿದೆಯೇ ನೋಡಿ. ಕೊನೆಯ ತ್ರೈಮಾಸಿಕದಲ್ಲಿ ಜಿಗಿದ ಮಾರಾಟ ಏಪ್ರಿಲ್–ಜೂನ್‌ನಲ್ಲಿ ಕಾರಣವಿಲ್ಲದೆ ಕುಸಿದಿದ್ದರೆ, ಮಾರ್ಚ್‌ನಲ್ಲಿ ಬಿಲ್ ಆದ ಮಾಲು ಎಲ್ಲಿದೆ ಎಂದು ವಾರ್ಷಿಕ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಷೇರುದಾರರಿಗಿದೆ.