ಅದೇ 120 ಗಂಟೆ, ಆದರೆ ಬೆಲೆ ಬೇರೆ

ಪುಣೆಯ ನಮ್ಮ ಮನೆಯಲ್ಲಿ ಹೆಂಡತಿ ‘120 ಗಂಟೆಗಳ ಟೆಫ್ಲ್’ ಎಂಬ ಆನ್‌ಲೈನ್ ಕೋರ್ಸ್ ಮುಗಿಸಿ, ವಿದೇಶದ ಭಾಷಾ ಶಾಲೆಯೊಂದಕ್ಕೆ ಅರ್ಜಿ ಹಾಕಿದಳು. ‘ನೀವು ಪಾಠ ಮಾಡುವುದನ್ನು ತರಬೇತುದಾರರು ಎಷ್ಟು ಗಂಟೆ ಕೂತು ನೋಡಿದ್ದಾರೆ?’ ಎಂದು ಅವರು ಕೇಳಿದರು. ಉತ್ತರ ಸೊನ್ನೆ. ಅರ್ಜಿ ಅಲ್ಲಿಗೇ ನಿಂತಿತು.

ಆಮೇಲೆ ಇಬ್ಬರೂ ಕೂತು ವಿವರ ಓದಿದೆವು. ಕೇಂಬ್ರಿಜ್‌ನ ಸೆಲ್ಟಾ ಕೂಡ ಕನಿಷ್ಠ 120 ಗಂಟೆಯದ್ದೇ. ಆದರೆ ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳಿಗೆ ಪಾಠ ಮಾಡಬೇಕು, ತರಬೇತುದಾರರು ನೋಡಿ ತಪ್ಪು ತಿದ್ದುತ್ತಾರೆ. ಆನ್‌ಲೈನ್ ಸೆಲ್ಟಾದಲ್ಲೂ ಈ ನಿಯಮ ಉಂಟು. ಬ್ರಿಟಿಷ್ ಕೌನ್ಸಿಲ್‌ನಂಥ ಕಡೆ ಕೇಳುವುದು ಇದನ್ನು, ಇಲ್ಲವೇ ಟ್ರಿನಿಟಿಯ ಸರ್ಟ್‌ಟೆಸಾಲ್ ಅನ್ನು. ಅವಳ ಸರ್ಟಿಫಿಕೇಟ್ ಆನ್‌ಲೈನ್ ಟ್ಯೂಷನ್, ಸಣ್ಣ ಕೋಚಿಂಗ್ ಕೇಂದ್ರಗಳಿಗೆ ಸಾಕು.

ಮೇಲಿನ ಮೆಟ್ಟಿಲು ಡೆಲ್ಟಾ. ಬ್ರಿಟನ್ನಿನ ಅರ್ಹತಾ ಪಟ್ಟಿಯಲ್ಲಿ ಸೆಲ್ಟಾ 5ನೇ ಹಂತ. ಡೆಲ್ಟಾ 7ನೇ ಹಂತ, ಅಂದರೆ ನನ್ನ ಎಂಟೆಕ್‌ನಂತೆ ಸ್ನಾತಕೋತ್ತರ ಮಟ್ಟ. ಅದು ಈಗಾಗಲೇ ಪಾಠ ಮಾಡಿ ಪಳಗಿದವರಿಗೆ. ಶಿಕ್ಷಕರಿಗೇ ತರಬೇತಿ ಕೊಡುವ ಕೆಲಸಕ್ಕೆ ಅದು ಬೇಕಾಗುತ್ತದೆ.

ಆದರೆ ಊರಿನ ಸರಕಾರಿ ಶಾಲೆಯಲ್ಲಿ ಇವು ಯಾವುದೂ ಬಿ.ಇಡ್‌ಗೆ ಬದಲಿಯಲ್ಲ. ಹಾಗಾಗಿ ಮೊದಲು ಕೆಲಸ ಎಲ್ಲಿ ಎಂದು ಗೊತ್ತುಮಾಡಿಕೊಂಡು, ಆಮೇಲೆ ಫೀಸು ಕಟ್ಟಿ. ನಾವು ಮಾಡಿದ್ದು ಉಲ್ಟಾ.