ಐದರ ಮೇಲಿನ ಚುಕ್ಕಿ

ದೊಡ್ಡಮ್ಮನಿಗೆ 78 ವರ್ಷ. ಸಾಗರದ ಹತ್ತಿರದ ಹಳ್ಳಿಮನೆಯಲ್ಲಿ ಒಬ್ಬರೇ ಇದ್ದಾರೆ. ಒಂದು ದೀಪಾವಳಿಗೆ ನಾನು ಅವರಿಗೆ ಸ್ಮಾರ್ಟ್‌ಫೋನ್ ಕೊಟ್ಟು ಬಂದೆ. ಯುಗಾದಿಗೆ ಹೋಗಿ ನೋಡಿದರೆ ಅದು ಬೀರುವಿನಲ್ಲಿ, ಪಟ್ಟೆಸೀರೆಗಳ ನಡುವೆ ಮಲಗಿತ್ತು. "ನಾನು ಮುಟ್ಟಿದ್ರೆ ಅದಕ್ಕೆ ಗೊತ್ತೇ ಆಗಲ್ಲ ಕಣೋ. ಗೊತ್ತಾದ್ರೆ ಬೇರೆ ಏನೋ ಮಾಡತ್ತೆ" ಅಂದರು.

ಅದು ಹೆದರಿಕೆಯ ಮಾತು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಹೇಳಿದ್ದು ಅಕ್ಷರಶಃ ನಿಜ. ಸ್ಮಾರ್ಟ್‌ಫೋನಿನ ಗಾಜು ನಾವು ಎಷ್ಟು ಒತ್ತಿದೆವು ಎಂದು ಅಳೆಯುವುದಿಲ್ಲ. ಬೆರಳು ತಾಗಿದಾಗ ಅಲ್ಲಿನ ವಿದ್ಯುತ್ತಿನಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅಳೆಯುತ್ತದೆ. ವಯಸ್ಸಾದಂತೆ ಚರ್ಮದ ತೇವ ಆರುತ್ತದೆ. ಅಡಿಕೆ ಸುಲಿದು, ಪಾತ್ರೆ ತಿಕ್ಕಿ ದಡ್ಡುಗಟ್ಟಿದ ಬೆರಳಾದರೆ ಆ ಬದಲಾವಣೆ ಇನ್ನೂ ಕ್ಷೀಣ. ಫೋನಿಗೆ ಗೊತ್ತಾಗಲಿಲ್ಲವೆಂದು ಅವರು ಜೋರಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಹೆಚ್ಚು ಹೊತ್ತು ಒತ್ತಿದರೆ ಫೋನಿನ ಲೆಕ್ಕದಲ್ಲಿ ಅದು ಬೇರೆಯೇ ಆಜ್ಞೆ. ಕೈ ಸ್ವಲ್ಪ ನಡುಗಿದರೆ ಅದನ್ನು ಸರಿಸಿದ್ದು ಎಂದು ತಿಳಿಯುತ್ತದೆ. ಬಂದ ಕರೆಯನ್ನು ಎತ್ತಲಂತೂ ಎಷ್ಟೋ ಫೋನುಗಳಲ್ಲಿ ಒತ್ತಿದರೆ ಸಾಲದು, ಬೆರಳನ್ನು ಜಾರಿಸಬೇಕು.

ಕೀಪ್ಯಾಡ್ ಫೋನಿನಲ್ಲಿ ಈ ತೊಂದರೆ ಇಲ್ಲ. ಗುಂಡಿ ಒಳಗೆ ಹೋದದ್ದು ಬೆರಳಿಗೇ ತಿಳಿಯುತ್ತದೆ, ನಿನ್ನೆ ಇದ್ದ ಗುಂಡಿ ಇವತ್ತೂ ಅಲ್ಲೇ ಇರುತ್ತದೆ. ಐದರ ಗುಂಡಿಯ ಮೇಲೆ ಒಂದು ಉಬ್ಬು ಚುಕ್ಕಿ ಇರುವುದನ್ನು ನೋಡಿರಬಹುದು. ಕಣ್ಣು ಕಾಣದವರೂ ಅದನ್ನು ತಡವಿ ಉಳಿದ ಗುಂಡಿಗಳ ಜಾಗ ಹಿಡಿಯುತ್ತಾರೆ. ಹಾಗಾಗಿ ದೊಡ್ಡಮ್ಮನಿಗೆ ಎರಡನೇ ಸಲ ನಾನು ಕೊಟ್ಟದ್ದು ದೊಡ್ಡ ಗುಂಡಿಗಳ ಕೀಪ್ಯಾಡ್ ಫೋನ್.

ಕೀಪ್ಯಾಡ್ ಎಂದಕೂಡಲೇ ಅಂಗಡಿಯಲ್ಲಿ ಅತಿ ಅಗ್ಗದ್ದನ್ನು ಎತ್ತಿಕೊಳ್ಳಬೇಡಿ. ಅದು 2ಜಿ ಫೋನೋ 4ಜಿ ಫೋನೋ ಎಂದು ಕೇಳಿ. ಜಿಯೊಗೆ 2ಜಿ ಜಾಲವೇ ಇಲ್ಲವಾದ್ದರಿಂದ ಅದರ ಸಿಮ್ 2ಜಿ ಫೋನಿನಲ್ಲಿ ನಡೆಯುವುದಿಲ್ಲ. ಕೆಲವು 4ಜಿ ಕೀಪ್ಯಾಡ್ ಫೋನುಗಳು ಒಂದೇ ಕಂಪನಿಯ ಸಿಮ್ ಒಪ್ಪುತ್ತವೆ, ಅದನ್ನೂ ವಿಚಾರಿಸಿ. ಆದರೆ 4ಜಿ ಬೇಕೆನ್ನಲು ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಕಿವಿ.

ವಯಸ್ಸಾದಾಗ ಕಿವಿಗೆ ಮೊದಲು ತಪ್ಪಿಹೋಗುವುದು ಏರುಕಂಪನದ, ಅಂದರೆ ಕೀರಲು ಸ್ವರಗಳು. ಮಾತಿನಲ್ಲಿ ಸ, ಶ, ಚ ಇಂಥ ಅಕ್ಷರಗಳ ಗುರುತು ಇರುವುದು ಅಲ್ಲೇ. ಹಳೆಯ 2ಜಿ ಕರೆ ಸುಮಾರು 3400 ಹರ್ಟ್ಸ್‌ಗಿಂತ ಮೇಲಿನ ಸದ್ದನ್ನು ಕತ್ತರಿಸಿಬಿಡುತ್ತದೆ. ಕಿವಿ ಕಳೆದುಕೊಂಡದ್ದರ ಜೊತೆಗೆ ಫೋನೂ ಅಷ್ಟನ್ನು ಕಳೆದರೆ "ಸಾಕು" ಅಂದದ್ದು "ಹಾಕು" ಎಂದು ಕೇಳಿಸಬಹುದು. ಆಗ ನಾವು ಕಿರುಚುತ್ತೇವೆ. ಕಿರುಚಿದರೆ ಸದ್ದು ದೊಡ್ಡದಾಗುತ್ತದೆಯೇ ಹೊರತು ಕತ್ತರಿಸಿಹೋದ ಭಾಗ ಮರಳಿ ಬರುವುದಿಲ್ಲ. 4ಜಿ ಜಾಲದ ವೋಲ್ಟೆ ಕರೆ ಸುಮಾರು 7000 ಹರ್ಟ್ಸ್‌ವರೆಗಿನ ಸದ್ದನ್ನು ಒಯ್ಯಬಲ್ಲದು. ಎರಡೂ ಕಡೆಯ ಫೋನು, ಜಾಲ ಅದಕ್ಕೆ ಹೊಂದಿರಬೇಕು ಅಷ್ಟೆ. ಕರೆ ನಡೆಯುವಾಗ ಪರದೆಯಲ್ಲಿ HD ಎಂದು ಕಂಡರೆ ಹೊಂದಿದೆ ಎಂದರ್ಥ. ಶ್ರವಣಯಂತ್ರ ಹಾಕುವವರಿಗೆ ಇನ್ನೊಂದು ಲಾಭವಿದೆ. 2ಜಿ ಫೋನು ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಅಲೆ ಕಳಿಸುವುದರಿಂದ ಯಂತ್ರದಲ್ಲಿ ಝೇಂಕಾರ ಏಳುತ್ತದೆ. 4ಜಿಯಲ್ಲಿ ಈ ಕಾಟ ಬಹಳ ಕಡಿಮೆ.

ಫೋನು ತಂದಮೇಲೆ ಒಂದು ಇಡೀ ಸಂಜೆ ಅದರ ಮುಂದೆ ಕೂರಬೇಕು. ನಾನು ಕುಳಿತೆ. ನಂಬರುಗಳನ್ನು ಒಂದೊಂದು ಗುಂಡಿಗೆ ಕಟ್ಟಿದೆ: ಎರಡನ್ನು ಒತ್ತಿ ಹಿಡಿದರೆ ಮಗಳು, ಮೂರಕ್ಕೆ ನಾನು, ನಾಲ್ಕಕ್ಕೆ ಪಕ್ಕದ ಮನೆ. ಹೆಸರುಗಳನ್ನು ಕನ್ನಡದಲ್ಲಿ, ಅವರು ಕರೆಯುವ ಹಾಗೆಯೇ ಬರೆದೆ. ಐದು ಮತ್ತು ಒಂಬತ್ತನ್ನು ಮುಟ್ಟಲಿಲ್ಲ. ನಮ್ಮ ದೇಶದಲ್ಲಿ 2017ರಿಂದ ಕೀಪ್ಯಾಡ್ ಫೋನುಗಳಲ್ಲಿ ಐದು ಅಥವಾ ಒಂಬತ್ತನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗಬೇಕೆಂಬ ನಿಯಮವಿದೆ. ತುರ್ತು ನಂಬರು 112.

ಹಿರಿಯರಿಗೆಂದೇ ಮಾಡಿದ ಫೋನುಗಳ ಬೆನ್ನಿಗೆ ಸಾಮಾನ್ಯವಾಗಿ ಇನ್ನೊಂದು ಎಸ್ಒಎಸ್ ಗುಂಡಿ ಇರುತ್ತದೆ. ಒತ್ತಿ ಹಿಡಿದರೆ ಸೈರನ್ ಕೂಗಿ, ನಾವು ತುಂಬಿಸಿದ ನಂಬರುಗಳಿಗೆ ಎಸ್ಎಂಎಸ್ ಹೋಗಿ, ಒಬ್ಬರಾದ ಮೇಲೊಬ್ಬರಿಗೆ ಕರೆ ಹೋಗುತ್ತದೆ. ಅಂಗಡಿಯವರು ಹೇಳದ ಮಾತೆಂದರೆ, ನಂಬರು ತುಂಬಿಸದಿದ್ದರೆ ಅದು ಬರೀ ಕೂಗುತ್ತದೆ. ರೀಚಾರ್ಜ್ ಮುಗಿದಿದ್ದರೆ ಆ ಕರೆಗಳು ಹೋಗುವುದಿಲ್ಲ. ಮೊದಲ ನಂಬರು ಬೆಂಗಳೂರಿನ ಮಗನದ್ದಾಗಬಾರದು, ಐದು ನಿಮಿಷದಲ್ಲಿ ಮನೆ ಮುಟ್ಟುವವರದ್ದಾಗಬೇಕು. ಬಚ್ಚಲಲ್ಲಿ ಜಾರಿ ಬಿದ್ದಾಗ ಫೋನು ಜಗಲಿಯಲ್ಲಿದ್ದರೆ ಯಾವ ಗುಂಡಿಯೂ ಕೈಗೆ ಸಿಗುವುದಿಲ್ಲ. ಅದಕ್ಕೇ ಕೊರಳಿಗೆ ಹಾಕಿಕೊಳ್ಳುವ ದಾರ ಕಟ್ಟಿದೆ. ಮೊದಲ ವಾರ ಎರಡು ಸಲ ಸುಮ್ಮನೆ ಸೈರನ್ ಕೂಗಿ ಪಕ್ಕದ ಮನೆಯವರು ಓಡಿಬಂದರು. ಗುಂಡಿ ಒಳಮುಖವಾಗಿ ಮೈಗೆ ಒತ್ತುತ್ತಿತ್ತು. ದಾರವನ್ನು ತಿರುಗಿಸಿ ಕಟ್ಟಿದ ಮೇಲೆ ನಿಂತಿತು.

ತಿಂಗಳೊಂದು ಕಳೆದಾಗ ಬೇರೊಂದು ಫಜೀತಿ. ಪಿಂಚಣಿ ಖಾತೆಗೆ ಬರಬೇಕಾದ ಓಟಿಪಿ ಬರುತ್ತಲೇ ಇಲ್ಲ. ಹಳೆಯ ನಂಬರನ್ನೇ ಉಳಿಸಿಕೊಂಡಿದ್ದೆವು, ಸಿಗ್ನಲ್ ಇತ್ತು, ಕರೆ ಬರುತ್ತಿತ್ತು. ಪರದೆಯ ಮೂಲೆಯಲ್ಲಿ ಲಕೋಟೆಯ ಚಿತ್ರ ಮಿನುಗುತ್ತಿದ್ದುದನ್ನು ಕೊನೆಗೆ ಗಮನಿಸಿದೆ. ಕೀಪ್ಯಾಡ್ ಫೋನಿನಲ್ಲಿ ಎಸ್ಎಂಎಸ್‌ಗೆ ಇರುವ ಜಾಗ ಸ್ವಲ್ಪ. ಜಾಹೀರಾತಿನ ಸಂದೇಶಗಳು ಅದನ್ನು ತುಂಬಿಬಿಟ್ಟಿದ್ದವು, ಹೊಸದಕ್ಕೆ ಎಡೆಯೇ ಇರಲಿಲ್ಲ. ಎಲ್ಲ ಅಳಿಸಿದ ಕೂಡಲೇ ಓಟಿಪಿ ಬಂತು. ಆಮೇಲೆ 1909ಕ್ಕೆ START 0 ಎಂದು ಎಸ್ಎಂಎಸ್ ಕಳಿಸಿ ಜಾಹೀರಾತು ನಿಲ್ಲಿಸುವ ನೋಂದಣಿ ಮಾಡಿಸಿದೆ. ಆದರೂ ಮನೆಗೆ ಹೋದಾಗಲೆಲ್ಲ ಅಳಿಸಿ ಬರುತ್ತೇನೆ.

ಚಾರ್ಜ್ ಮಾಡುವುದು ಸಣ್ಣ ವಿಷಯವೆನಿಸಬಹುದು. ಚಿಕ್ಕ ತೂತಿಗೆ ಪಿನ್ನನ್ನು ಸರಿಯಾದ ಮಗ್ಗುಲಲ್ಲಿ ತೂರಿಸುವುದು ಮಂದಗಣ್ಣಿಗೆ ದಿನನಿತ್ಯದ ಕಷ್ಟ, ತಿರುವುಮುರುವಾಗಿ ಒತ್ತಿದರೆ ತೂತೇ ಹಾಳು. ಸುಮ್ಮನೆ ಇಟ್ಟರೆ ಚಾರ್ಜ್ ಆಗುವ ಸ್ಟ್ಯಾಂಡ್ ಜೊತೆಗೆ ಬರುವ ಫೋನು ಸಿಕ್ಕರೆ ನೂರಿನ್ನೂರು ಹೆಚ್ಚಾದರೂ ಅದನ್ನೇ ಕೊಳ್ಳಿ.

ಮೊಮ್ಮಗುವಿನ ಮುಖ ಈ ಫೋನಿನಲ್ಲಿ ಕಾಣುವುದಿಲ್ಲ, ಆ ಕೊರತೆ ನಿಜ. ತಿಂಗಳಿಗೊಮ್ಮೆ ನಾಲ್ಕು ಫೋಟೊ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸುತ್ತೇವೆ. ದೊಡ್ಡಮ್ಮ ಈಗ ರಾತ್ರಿ ಊಟವಾದ ಮೇಲೆ ತಾವಾಗಿಯೇ ಮೂರನ್ನು ಒತ್ತಿ ನನ್ನೊಡನೆ ಮಾತಾಡುತ್ತಾರೆ.

ನಿಮ್ಮ ಮನೆಯ ಹಿರಿಯರಿಗೆ ಫೋನು ಕೊಡುವುದಾದರೆ ಸೀಲು ಒಡೆಯದ ಪೆಟ್ಟಿಗೆಯನ್ನು ಕೊಡಬೇಡಿ. ನಂಬರು ತುಂಬಿಸಿ, ಅವರ ಮನೆಯಲ್ಲೇ ಕುಳಿತು, ಅವರ ಬೆರಳಿನಿಂದಲೇ ಎಸ್ಒಎಸ್ ಒತ್ತಿಸಿ, ಪಕ್ಕದ ಮನೆಯ ಫೋನು ರಿಂಗಾಗುವುದನ್ನು ಕೇಳಿಸಿಕೊಂಡ ಮೇಲೆ ಹೊರಡಿ.